ಕಂಬ ಏರಿತು, ಗೆರೆ ಇಳಿಯಿತು, ಲಾಭ ಎತ್ತ ಹೋಯಿತು?

ಬೆಂಗಳೂರಿನ ಇನ್ಫೋಸಿಸ್ ಕಂಪನಿ ಪ್ರತಿವರ್ಷ ಪ್ರಕಟಿಸುವ ಲೆಕ್ಕಪತ್ರದಿಂದ ಎರಡೇ ಬಗೆಯ ಅಂಕಿಗಳನ್ನು ಎತ್ತಿಕೊಳ್ಳೋಣ. ಒಂದು, ವರ್ಷದ ವರಮಾನ. ಇನ್ನೊಂದು, ಆಪರೇಟಿಂಗ್ ಮಾರ್ಜಿನ್. ನೂರು ರೂಪಾಯಿ ವರಮಾನ ಬಂದರೆ ಅದರಲ್ಲಿ ಸಂಬಳ, ಪ್ರಯಾಣ, ಕಚೇರಿ ಮುಂತಾದ ಖರ್ಚೆಲ್ಲ ಕಳೆದು, ತೆರಿಗೆ ಕಟ್ಟುವ ಮುಂಚೆ ಎಷ್ಟು ಉಳಿಯಿತು ಎಂಬುದೇ ಈ ಮಾರ್ಜಿನ್.

| ವರ್ಷ | ವರಮಾನ, ಕೋಟಿ ರೂ. | ಮಾರ್ಜಿನ್ |
|---|---|---|
| 2019-20 | 90,791 | 21.3% |
| 2020-21 | 1,00,472 | 24.5% |
| 2021-22 | 1,21,641 | 23.0% |
| 2022-23 | 1,46,767 | 21.0% |
| 2023-24 | 1,53,670 | 20.7% |
| 2024-25 | 1,62,990 | 21.1% |

ಐದು ವರ್ಷಗಳಲ್ಲಿ ವರಮಾನ ಹತ್ತಿರ ಹತ್ತಿರ ಶೇ 80ರಷ್ಟು ಬೆಳೆದಿದೆ. ಮಾರ್ಜಿನ್ ಮಾತ್ರ ಕೋವಿಡ್ ವರ್ಷದಲ್ಲಿ ಒಮ್ಮೆ ಮೇಲಕ್ಕೆ ಹೋಗಿ ಆಮೇಲೆ ಇಳಿದು ನಿಂತಿದೆ. ಕೋವಿಡ್ ವರ್ಷದಲ್ಲಿ ವಿಮಾನ ಪ್ರಯಾಣ, ವೀಸಾಗಳ ಖರ್ಚು ಕುಗ್ಗಿತ್ತು. ಅದರ ಬೆನ್ನಿಗೇ ಐಟಿ ನೌಕರರು ಕಂಪನಿಯಿಂದ ಕಂಪನಿಗೆ ಹಾರುವ ಭರಾಟೆ ಶುರುವಾಯಿತು. ಇನ್ಫೋಸಿಸ್‌ನಲ್ಲಿ ಕೆಲಸ ಬಿಟ್ಟವರ ಪ್ರಮಾಣ 2022ರ ಜೂನ್ ತ್ರೈಮಾಸಿಕದ ಹೊತ್ತಿಗೆ ಶೇ 28.4ಕ್ಕೆ ಮುಟ್ಟಿತ್ತು. ಇರುವವರನ್ನು ಉಳಿಸಿಕೊಳ್ಳಲು ಸಂಬಳ ಏರಿಸಬೇಕಾಯಿತು, ಉಳಿತಾಯ ಕರಗಿತು.

ಈ ಕಥೆಯನ್ನು ಒಂದೇ ಚಿತ್ರದಲ್ಲಿ ತೋರಿಸಬೇಕು ಎಂದು ಹೊರಟಾಗಲೇ ತೊಡಕು ಎದುರಾಗುವುದು. ಒಂದು ಅಂಕಿ ಲಕ್ಷದ ಮೇಲಿದೆ, ಇನ್ನೊಂದು ಕಾಲು ಭಾಗಕ್ಕೂ ಕಡಿಮೆ. ಎಕ್ಸೆಲ್ ತನ್ನ ಹೊಟ್ಟೆಯೊಳಗೆ 21.3% ಎಂಬುದನ್ನು 0.213 ಎಂದೇ ಇಟ್ಟುಕೊಂಡಿರುತ್ತದೆ. 90,791ರ ಕಂಬದ ಪಕ್ಕದಲ್ಲಿ 0.213ರ ಕಂಬ ನಿಂತರೆ ಅದು ಕಾಣುವುದೇ ಇಲ್ಲ. ಅದಕ್ಕೇ ಚಾರ್ಟಿನ ಎಡಕ್ಕೊಂದು ಅಳತೆ, ಬಲಕ್ಕೊಂದು ಅಳತೆ ಇಟ್ಟು, ವರಮಾನಕ್ಕೆ ಕಂಬಗಳನ್ನೂ ಮಾರ್ಜಿನ್ನಿಗೆ ಗೆರೆಯನ್ನೂ ಕೊಡುವ ಕಾಂಬೋ ಚಾರ್ಟ್ ಬಳಕೆಗೆ ಬಂತು. ಕಂಪನಿಗಳ ಹೂಡಿಕೆದಾರರ ಸಭೆಯಿಂದ ಹಿಡಿದು ಬ್ಯಾಂಕಿನ ಸಾಲದ ಅರ್ಜಿಯವರೆಗೆ ಎಲ್ಲೆಡೆ ಇದೇ ಚಿತ್ರ. ಅದನ್ನು ಬರೆಯಲು ಒಂದೆರಡು ನಿಮಿಷ ಸಾಕು. ಬರೆದ ಮೇಲೆ ಬಲಗಡೆಯ ಅಳತೆ ಎಲ್ಲಿಂದ ಶುರುವಾಗಬೇಕು ಎಂಬ ಒಂದು ಪ್ರಶ್ನೆ ಉಳಿಯುತ್ತದೆ. ಬಹಳ ಮಂದಿ ಆ ಪ್ರಶ್ನೆಯನ್ನು ಎಕ್ಸೆಲ್‌ಗೇ ಬಿಟ್ಟುಬಿಡುತ್ತಾರೆ.

ಮೊದಲು ಅಂಕಿಗಳನ್ನು ತುಂಬೋಣ. A1ರಿಂದ C7ರವರೆಗೆ ಮೇಲಿನ ಪಟ್ಟಿಯನ್ನೇ ಹಾಗ್ಹಾಗೇ ಟೈಪ್ ಮಾಡಿದರೆ ಆಯಿತು. ನಮ್ಮ ಹಣಕಾಸು ವರ್ಷವನ್ನು ಬರೆಯುವ ರೀತಿಯಲ್ಲೇ ಒಂದು ಗುಂಡಿ ಇದೆ, ಅದನ್ನು ಹೇಳಲೇಬೇಕು. 2019-20 ಎಂದು ಬರೆದರೆ ಎಕ್ಸೆಲ್ ಸುಮ್ಮನಿರುತ್ತದೆ, ಏಕೆಂದರೆ 20ನೇ ತಿಂಗಳು ಎಂಬುದಿಲ್ಲ. ಹಳೆಯ ಲೆಕ್ಕ ಸೇರಿಸಲು ಹೋಗಿ 2011-12 ಎಂದು ಬರೆದಿರೋ, ಅದು 2011ರ ಡಿಸೆಂಬರ್ ತಿಂಗಳಾಗಿಬಿಡುತ್ತದೆ. 2000-01ರಿಂದ 2011-12ರವರೆಗಿನ ಹನ್ನೆರಡೂ ವರ್ಷಗಳಿಗೆ ಇದೇ ಗತಿ. ಮುಂದೊಂದು ಒಂಟಿ ಉದ್ಧರಣ ಚಿಹ್ನೆ ಹಾಕಿ '2011-12 ಎಂದು ಬರೆದರೆ ಅದು ಬರಿಯ ಅಕ್ಷರವಾಗಿ ಉಳಿಯುತ್ತದೆ. ಇನ್ನು 2020, 2021 ಎಂದು ಬಿಡಿ ಅಂಕಿಗಳನ್ನೇ ಬರೆದರೆ ಎಕ್ಸೆಲ್ ವರ್ಷವನ್ನೂ ಒಂದು ಲೆಕ್ಕ ಎಂದುಕೊಂಡು ಅದಕ್ಕೂ ಕಂಬ ಎಬ್ಬಿಸಬಹುದು. ಆಗ A1 ಸೆಲ್ಲನ್ನು ಖಾಲಿ ಬಿಟ್ಟರೆ ಅದಕ್ಕೆ ಅರ್ಥವಾಗುತ್ತದೆ.

ಮಾರ್ಜಿನ್ ಬರೆಯುವಾಗ ಶೇಕಡಾ ಚಿಹ್ನೆಯನ್ನು ಸೇರಿಸಿಯೇ ಬರೆಯಿರಿ. ಬರೀ 21.3 ಎಂದು ಬರೆದು ಆಮೇಲೆ ಶೇಕಡಾ ಗುಂಡಿ ಒತ್ತಿದರೆ ಅದು 2130% ಆಗಿ ಕೂರುತ್ತದೆ. ನಿಮ್ಮದೇ ವ್ಯಾಪಾರದ ಲೆಕ್ಕವಾದರೆ ಮಾರ್ಜಿನ್ನನ್ನು ಕೈಯಿಂದ ಬರೆಯುವ ಬದಲು ಲಾಭವನ್ನು ವರಮಾನದಿಂದ ಭಾಗಿಸುವ ಸೂತ್ರ ಕೊಡುವುದು ವಾಸಿ. ಕೊನೆಯಲ್ಲಿ "ಒಟ್ಟು" ಎಂಬ ಸಾಲಿದ್ದರೆ ಅದನ್ನು ಚಾರ್ಟಿಗೆ ಸೇರಿಸಬೇಡಿ. ಆ ಒಂದು ಕಂಬದ ಮುಂದೆ ಉಳಿದವೆಲ್ಲ ಕುಬ್ಜವಾಗುತ್ತವೆ.

ಈಗ A1:C7 ಆಯ್ದುಕೊಂಡು Insert ಟ್ಯಾಬ್‌ಗೆ ಹೋಗಿ. ಅಲ್ಲಿ Recommended Charts ಒತ್ತಿ, All Charts ಪುಟದಲ್ಲಿ ಕೆಳಗಿರುವ Combo ಆರಿಸಿ. ಕೆಳಭಾಗದಲ್ಲಿ ನಿಮ್ಮ ಎರಡೂ ಕಾಲಂಗಳ ಹೆಸರು ಕಾಣುತ್ತವೆ. ವರಮಾನದ ಎದುರು Clustered Column, ಮಾರ್ಜಿನ್ ಎದುರು Line with Markers ಇರಲಿ. ಮಾರ್ಜಿನ್ ಸಾಲಿನ ತುದಿಯಲ್ಲಿರುವ Secondary Axis ಎಂಬ ಚೌಕಕ್ಕೆ ಟಿಕ್ ಹಾಕಿ OK ಒತ್ತಿದರೆ ಚಾರ್ಟ್ ಸಿದ್ಧ. 2013ರ ಆವೃತ್ತಿಯಿಂದ ಈಚಿನ ಎಲ್ಲ ಎಕ್ಸೆಲ್‌ಗಳಲ್ಲೂ ಹೀಗೆಯೇ. ಈಗಾಗಲೇ ಬರೀ ಕಂಬಗಳ ಚಾರ್ಟ್ ಮಾಡಿಬಿಟ್ಟಿದ್ದರೆ ಕಣ್ಣಿಗೇ ಕಾಣದ ಮಾರ್ಜಿನ್ ಕಂಬವನ್ನು ಮೌಸಿನಿಂದ ಹಿಡಿಯಲು ಒದ್ದಾಡಬೇಕಿಲ್ಲ. ಕಾಣುವ ಯಾವುದೇ ಕಂಬದ ಮೇಲೆ ಬಲ ಕ್ಲಿಕ್ ಮಾಡಿ Change Series Chart Type ಎಂದರೆ ಅದೇ ಕಿಟಕಿ ತೆರೆಯುತ್ತದೆ.

ಟಿಕ್ ಹಾಕಿ ಗೆರೆಯನ್ನು ಆರಿಸಲು ಮರೆತರೆ ಎರಡೂ ಕಂಬಗಳಾಗಿ, ಮಾರ್ಜಿನ್ ಕಂಬ ವರಮಾನದ ಕಂಬದ ಮೇಲೆಯೇ ಕೂತು ಅದನ್ನು ಮುಚ್ಚಿಬಿಡುತ್ತದೆ. ಗಾಬರಿ ಬೇಡ, ಅಂಕಿ ಎಲ್ಲೂ ಹೋಗಿಲ್ಲ. ಅದೇ ಕಿಟಕಿಗೆ ಮರಳಿ ಮಾರ್ಜಿನ್ನಿಗೆ ಗೆರೆ ಕೊಟ್ಟರೆ ಸರಿಹೋಗುತ್ತದೆ.

ಚಿತ್ರವೇನೋ ಬಂತು. ನೋಡಿದರೆ ಎದೆ ಧಸಕ್ಕೆನ್ನುವಂತಿದೆ. ಕಂಬಗಳು ಮೆಟ್ಟಿಲು ಮೆಟ್ಟಿಲಾಗಿ ಮೇಲೇರುತ್ತಿವೆ. ಗೆರೆ 2020-21ರಲ್ಲಿ ಚಾರ್ಟಿನ ನೆತ್ತಿಯ ಹತ್ತಿರವಿದ್ದದ್ದು ಕಂಬಗಳನ್ನು ಅಡ್ಡಲಾಗಿ ಸೀಳಿಕೊಂಡು 2023-24ರ ಹೊತ್ತಿಗೆ ಅರ್ಧಕ್ಕಿಂತ ಕೆಳಗೆ ಬಿದ್ದಿದೆ. ಕಂಪನಿಯ ಹೆಸರು ತಿಳಿಯದವರು ಯಾರಾದರೂ ನೋಡಿದರೆ, ವ್ಯಾಪಾರ ಬೆಳೆಸುವ ಹುಚ್ಚಿನಲ್ಲಿ ಲಾಭ ಕಳೆದುಕೊಂಡವರ ಕಥೆ ಎಂದೇ ಹೇಳಿಯಾರು.

ಬಲಗಡೆಯ ಅಳತೆಯ ಬುಡಕ್ಕೆ ಒಮ್ಮೆ ಕಣ್ಣು ಹಾಯಿಸಿ. ಅಲ್ಲಿ ಸೊನ್ನೆ ಇಲ್ಲ, 18% ಅಥವಾ ಅದರ ಆಸುಪಾಸಿನ ಅಂಕಿ ಇದೆ. ಎಡಗಡೆಯದು ಮಾತ್ರ ಸೊನ್ನೆಯಿಂದಲೇ ಶುರುವಾಗಿದೆ. ಇದು ಎಕ್ಸೆಲ್ ತಾನಾಗಿ ಮಾಡಿದ ಕೆಲಸ, ಮತ್ತು ಅದರ ಹಿಂದೆ ಮೈಕ್ರೋಸಾಫ್ಟ್ ಬಹಿರಂಗವಾಗಿಯೇ ಹೇಳಿರುವ ಒಂದು ನಿಯಮವಿದೆ. ಸಾಲಿನಲ್ಲಿರುವ ಅತಿ ದೊಡ್ಡ ಅಂಕಿಗೂ ಅತಿ ಚಿಕ್ಕ ಅಂಕಿಗೂ ಇರುವ ಅಂತರ ದೊಡ್ಡ ಅಂಕಿಯ ಆರನೇ ಒಂದು ಭಾಗವನ್ನು, ಎಂದರೆ ಶೇ 16.67ನ್ನು, ಮೀರಿದರೆ ಅಳತೆ ಸೊನ್ನೆಯಿಂದ ಶುರುವಾಗುತ್ತದೆ. ಮೀರದಿದ್ದರೆ ಎಕ್ಸೆಲ್ ಕೆಳಭಾಗವನ್ನು ಕತ್ತರಿಸಿ ಉಳಿದದ್ದನ್ನು ಹಿಗ್ಗಿಸಿ ತೋರಿಸುತ್ತದೆ. ವರಮಾನದಲ್ಲಿ ಅಂತರ ದೊಡ್ಡದು, ಆದ್ದರಿಂದ ಸೊನ್ನೆ ಉಳಿಯಿತು. ಮಾರ್ಜಿನ್ನಿನಲ್ಲಿ 24.5ಕ್ಕೂ 20.7ಕ್ಕೂ ಇರುವ ಅಂತರ 3.8. ಇದು 24.5ರ ಶೇ 15.5 ಮಾತ್ರ, ಹಾಗಾಗಿ ಸೊನ್ನೆ ಹೋಯಿತು.

ಇದರ ಫಲ ಎಷ್ಟು ವಿಚಿತ್ರ ಎಂಬುದನ್ನು ನೀವೇ ಪರೀಕ್ಷಿಸಬಹುದು. 2023-24ರ ಮಾರ್ಜಿನ್ ಇರುವ C6 ಸೆಲ್‌ನಲ್ಲಿ 20.7%ರ ಬದಲು 20.3% ಎಂದು ಬರೆದು ನೋಡಿ. ಕಂಪನಿಯ ಸ್ಥಿತಿಯನ್ನು ನಾವು ಇನ್ನಷ್ಟು ಕೆಡಿಸಿದೆವು ಎಂದಾಯಿತು. ಈಗ ಅಂತರ 4.2, ಎಂದರೆ ಶೇ 17ರ ಮೇಲೆ. ಆರನೇ ಒಂದು ಭಾಗದ ಗಡಿ ದಾಟಿತು, ಎಕ್ಸೆಲ್ ಬಲಗಡೆಯ ಅಳತೆಯನ್ನು ಸೊನ್ನೆಗೆ ಇಳಿಸಿತು. ಆ ಕ್ಷಣವೇ ಭಯಂಕರ ಇಳಿಜಾರು ಮಾಯವಾಗಿ ಗೆರೆ ಚಾರ್ಟಿನ ಮೇಲ್ಭಾಗದಲ್ಲಿ ಹೆಚ್ಚೂಕಡಿಮೆ ಮಟ್ಟಸವಾಗಿ ನಿಲ್ಲುತ್ತದೆ. ಮಾರ್ಜಿನ್ ಹೆಚ್ಚು ಕುಸಿದಾಗ ಚಿತ್ರದಲ್ಲಿ ಕುಸಿತ ಕಡಿಮೆ! ಇಂಥ ಅಳತೆಯನ್ನು ನಂಬಿ ಸಭೆಯಲ್ಲಿ ಮಾತಾಡುವುದು ಹೇಗೆ? ನೋಡಿದ ಮೇಲೆ C6ಕ್ಕೆ ಮತ್ತೆ 20.7% ಹಾಕಲು ಮರೆಯಬೇಡಿ.

ಗೆರೆ ಕಂಬಗಳನ್ನು ದಾಟುವ ಜಾಗವೂ ಇಂಥದ್ದೇ ಮೋಸ. ಮೊದಲ ಚಿತ್ರದಲ್ಲಿ 2021-22ಕ್ಕೂ 2022-23ಕ್ಕೂ ನಡುವೆ ಗೆರೆ ಕಂಬಗಳ ನೆತ್ತಿಯಿಂದ ಕೆಳಗಿಳಿಯುತ್ತದೆ. ಅಲ್ಲೇನೋ ದೊಡ್ಡ ತಿರುವು ಇದೆ ಎಂದು ಕಣ್ಣು ಹೇಳುತ್ತದೆ. ಅಲ್ಲಿ ಏನೂ ಇಲ್ಲ. ಕೋಟಿ ರೂಪಾಯಿಯೂ ಶೇಕಡಾವಾರೂ ಎಲ್ಲೂ ಸಂಧಿಸುವ ಸರಕುಗಳಲ್ಲ. ಬಲಗಡೆಯ ಅಳತೆಯನ್ನು ಕೊಂಚ ಜಗ್ಗಿದರೆ ಆ ದಾಟು ಇನ್ನೊಂದು ವರ್ಷಕ್ಕೆ ಜರುಗುತ್ತದೆ.

ಇದಕ್ಕಿಂತ ದೊಡ್ಡ ತಪ್ಪು ತಿಳಿವಳಿಕೆ ಇನ್ನೊಂದಿದೆ. ಗೆರೆ ಇಳಿಯಿತು ಎಂದರೆ ಲಾಭ ಇಳಿಯಿತು ಎಂದು ನೋಡುಗರು ಓದಿಕೊಳ್ಳುತ್ತಾರೆ. ಗುಣಿಸಿ ನೋಡೋಣ. 2020-21ರಲ್ಲಿ 1,00,472 ಕೋಟಿಯ ಶೇ 24.5 ಎಂದರೆ ಸುಮಾರು 24,600 ಕೋಟಿ. 2023-24ರಲ್ಲಿ 1,53,670 ಕೋಟಿಯ ಶೇ 20.7 ಎಂದರೆ ಸುಮಾರು 31,800 ಕೋಟಿ. ಗೆರೆ ಮೂರು ವರ್ಷ ಸತತವಾಗಿ ಇಳಿಯಿತು, ಆಪರೇಟಿಂಗ್ ಲಾಭ ಅದೇ ಅವಧಿಯಲ್ಲಿ ಏಳು ಸಾವಿರ ಕೋಟಿಗೂ ಹೆಚ್ಚು ಏರಿತು. ಕಂಬದ ಎತ್ತರವನ್ನು ಗೆರೆಯ ಎತ್ತರದಿಂದ ಗುಣಿಸಿದರೆ ಸಿಗುವ ಈ ಮೂರನೆಯ ಅಂಕಿಯನ್ನು ಚಾರ್ಟ್ ಎಲ್ಲೂ ತೋರಿಸುವುದಿಲ್ಲ. ಯಾರ ಕಣ್ಣೂ ನೋಡುತ್ತಲೇ ಗುಣಿಸುವುದಿಲ್ಲ. ಹಾಗಾಗಿ ಲಾಭದ ಮಾತು ಬರುವ ಕಡೆಯಲ್ಲೆಲ್ಲ ಚಾರ್ಟಿನ ಕೆಳಗೆ ಲಾಭದ ಮೊತ್ತವನ್ನು ಒಂದು ಸಾಲಿನಲ್ಲಿ ಬರೆದಿಡುವುದು ಕಡ್ಡಾಯ ಎಂದೇ ನನ್ನ ಮತ.

ಈ ಎಡವಟ್ಟಿಗೆ ಇನ್ನೂರು ವರ್ಷದ ಇತಿಹಾಸವಿದೆ. ಕಂಬದ ಚಾರ್ಟನ್ನು ಬಳಕೆಗೆ ತಂದ ಸ್ಕಾಟ್ಲೆಂಡಿನ ವಿಲಿಯಂ ಪ್ಲೇಫೇರ್ 1821ರಲ್ಲಿ ಇಂಗ್ಲೆಂಡಿನ ಗೋಧಿಯ ಬೆಲೆಯನ್ನು ಕಂಬಗಳಾಗಿ, ನುರಿತ ಕೆಲಸಗಾರನ ವಾರದ ಕೂಲಿಯನ್ನು ಗೆರೆಯಾಗಿ ಒಂದೇ ಚಿತ್ರದಲ್ಲಿ ಬರೆದ. ಎರಡೂ ಷಿಲಿಂಗ್ ಲೆಕ್ಕವಾದ್ದರಿಂದ ಎರಡಕ್ಕೂ ಒಂದೇ ಅಳತೆ. ಕೂಲಿಗೆ ಹೋಲಿಸಿದರೆ ಗೋಧಿ ಹಿಂದೆಂದೂ ಇಷ್ಟು ಅಗ್ಗವಾಗಿರಲಿಲ್ಲ ಎಂದು ತೋರಿಸುವುದು ಅವನ ಉದ್ದೇಶವಾಗಿತ್ತು. ಚಿತ್ರದಲ್ಲಿ ಕಾಣುವುದು ಬೇರೆ: ಗೋಧಿಯ ಕಂಬಗಳು ಎದ್ದು ಬಿದ್ದು ಕುಣಿಯುತ್ತವೆ, ಕೂಲಿಯ ಗೆರೆ ಕೆಳಗೆ ನಿಧಾನವಾಗಿ ತೆವಳುತ್ತದೆ. ಒಂದನ್ನು ಇನ್ನೊಂದರಿಂದ ಭಾಗಿಸಿ ಬರೆದಿದ್ದರೆ ಅವನ ಮಾತು ಥಟ್ಟನೆ ತಿಳಿಯುತ್ತಿತ್ತು.

ಇನ್ಫೋಸಿಸ್ ಚಾರ್ಟಿಗೆ ಮರಳೋಣ. ಬಲಗಡೆಯ ಅಂಕಿಗಳ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ Format Axis ಫಲಕ ತೆರೆಯುತ್ತದೆ. ಅದರ Bounds ಭಾಗದಲ್ಲಿ Minimum 0, Maximum 0.3, ಕೆಳಗಿನ Major ಎಂಬಲ್ಲಿ 0.06 ಹಾಕಿ. ಶೇಕಡಾ 30 ಅಲ್ಲವೇ ಎಂದು 30 ಹಾಕಿದರೆ ಅಳತೆ 3000%ಗೆ ಜಿಗಿಯುತ್ತದೆ. ಆಮೇಲೆ ಎಡಗಡೆಯ ಅಕ್ಷಕ್ಕೆ ಬನ್ನಿ. Minimum 0, Maximum 250000, Major 50000.

ವರಮಾನ 1,63,000 ಕೋಟಿ ದಾಟದಿರುವಾಗ ಎರಡೂವರೆ ಲಕ್ಷದವರೆಗೆ ಅಳತೆ ಏಕೆ? ಗೆರೆಗೆ ಜಾಗ ಮಾಡಿಕೊಡಲು. ಈಗ ಅತಿ ಎತ್ತರದ ಕಂಬ ಚಾರ್ಟಿನ ಮೂರನೇ ಎರಡು ಭಾಗದಷ್ಟು ಎತ್ತರಕ್ಕೆ ನಿಲ್ಲುತ್ತದೆ. ಗೆರೆಯ ಅತಿ ತಗ್ಗಿನ ಬಿಂದುವೂ ಅದಕ್ಕಿಂತ ಮೇಲಿರುತ್ತದೆ. ಗೆರೆ ಯಾವ ಕಂಬವನ್ನೂ ದಾಟುವುದಿಲ್ಲ, ಸುಳ್ಳು ತಿರುವು ಹುಟ್ಟುವುದಿಲ್ಲ. ಎರಡೂ ಅಳತೆಗಳಿಗೆ ಐದೈದೇ ಮೆಟ್ಟಿಲುಗಳಿರುವುದರಿಂದ ಹಿನ್ನೆಲೆಯ ಅಡ್ಡಗೆರೆಗಳು ಎರಡಕ್ಕೂ ಹೊಂದುತ್ತವೆ. ಮೆಟ್ಟಿಲುಗಳ ಸಂಖ್ಯೆ ಬೇರೆ ಬೇರೆಯಾದರೆ ಬಲಗಡೆಯ ಅಂಕಿಗಳು ಯಾವ ಅಡ್ಡಗೆರೆಗೂ ಸೇರದೆ ತೇಲುತ್ತವೆ.

ಯಾವ ಅಕ್ಷ ಯಾರದ್ದು ಎಂಬುದನ್ನು ಬಣ್ಣದಿಂದ ಹೇಳಿ. ಕಂಬ ನೀಲಿಯಾದರೆ ಎಡಗಡೆಯ ಅಂಕಿಗಳೂ ನೀಲಿ, ಗೆರೆ ಕಿತ್ತಳೆಯಾದರೆ ಬಲಗಡೆಯವೂ ಕಿತ್ತಳೆ. ಗೆರೆಯ ಮೇಲೆ ಬಲ ಕ್ಲಿಕ್ ಮಾಡಿ Add Data Labels ಎಂದರೆ ಪ್ರತಿ ಬಿಂದುವಿನ ಪಕ್ಕ ಅದರ ಶೇಕಡಾ ಅಂಕಿ ಬರುತ್ತದೆ. ಆರೇ ಬಿಂದುಗಳಿರುವ ಚಾರ್ಟಿನಲ್ಲಿ ಇದು ಅಕ್ಷಕ್ಕಿಂತ ಹೆಚ್ಚು ನಂಬಿಕೆಯದು. ಕಂಪ್ಯೂಟರಿನ ಪ್ರಾದೇಶಿಕ ಸೆಟ್ಟಿಂಗ್ ಅಮೆರಿಕದ್ದಾಗಿದ್ದರೆ ಎಡಗಡೆ 250,000 ಎಂದು ಬರುತ್ತದೆ. ನಮ್ಮ ಲಕ್ಷದ ಅಲ್ಪವಿರಾಮ ಬೇಕೆಂದರೆ ಅದೇ ಫಲಕದ Number ಭಾಗದಲ್ಲಿ Format Code ಎಂಬಲ್ಲಿ ಇದನ್ನು ಬರೆದು Add ಒತ್ತಿ:

```
[>=100000]#\,##\,##0;##,##0
```

ಇಷ್ಟಾದ ಮೇಲೆ ಲೆಕ್ಕ ಬಲ್ಲ ಓದುಗರೊಬ್ಬರು ಆಕ್ಷೇಪ ಎತ್ತಬಹುದು. ಸೊನ್ನೆಯಿಂದ ಶುರು ಮಾಡಿದ ಗೆರೆ ಈಗ ಸಪ್ಪೆಯಾಗಿ ನಿಂತಿದೆಯಲ್ಲ, ಮೊದಲು ಹೆದರಿಸಿತು, ಈಗ ಮಲಗಿಸುತ್ತಿದೆ ಎಂದು. ಆಕ್ಷೇಪದಲ್ಲಿ ಹುರುಳಿದೆ. 2024-25ರ ವರಮಾನದಲ್ಲಿ ಮಾರ್ಜಿನ್ ಒಂದೇ ಒಂದು ಅಂಶ ಆಚೀಚೆಯಾದರೂ ಅದರ ಬೆಲೆ ಸುಮಾರು 1,630 ಕೋಟಿ ರೂಪಾಯಿ. ಇನ್ಫೋಸಿಸ್ ತಾನೇ ಆ ವರ್ಷಕ್ಕೆ ಹೇಳಿಕೊಂಡ ಗುರಿ ಶೇ 20ರಿಂದ 22ರ ನಡುವಿನ ಕಿರಿದಾದ ಪಟ್ಟಿ. ಅಷ್ಟು ಸಣ್ಣ ಅಲುಗಾಟವೇ ಮುಖ್ಯವಾದ ವ್ಯವಹಾರದಲ್ಲಿ 0ಯಿಂದ 30ರ ಅಳತೆ ಒರಟು. ಕಂಬಕ್ಕೆ ಸೊನ್ನೆ ತಪ್ಪಿಸುವ ಹಾಗಿಲ್ಲ, ಏಕೆಂದರೆ ಕಂಬದ ಉದ್ದವೇ ಅದರ ಅರ್ಥ. ಗೆರೆಯಲ್ಲಿ ನಾವು ಓದುವುದು ಬಿಂದುವಿನ ಸ್ಥಾನವನ್ನು, ಆದ್ದರಿಂದ ಗೆರೆಗೆ ಆ ಕಟ್ಟಳೆ ಇಲ್ಲ.

ಹಾಗಾದರೆ ಎರಡನ್ನೂ ಉಳಿಸಿಕೊಳ್ಳುವುದು ಹೇಗೆ? ಮಾರ್ಜಿನ್ನೇ ಚರ್ಚೆಯ ವಿಷಯವಾದಾಗ ಕಾಂಬೋ ಚಾರ್ಟನ್ನೇ ಬಿಟ್ಟು, ಒಂದರ ಕೆಳಗೊಂದು ಎರಡು ಚಾರ್ಟ್ ಬರೆಯುವುದನ್ನೇ ನಾನು ಆರಿಸಿಕೊಳ್ಳುವೆ. ಮೇಲೆ 18ರಿಂದ 26ರವರೆಗಿನ ಅಳತೆಯಲ್ಲಿ ಮಾರ್ಜಿನ್ ಗೆರೆ, ಕೆಳಗೆ ಸೊನ್ನೆಯಿಂದ ವರಮಾನದ ಕಂಬ, ಎರಡಕ್ಕೂ ವರ್ಷಗಳು ನೇರಕ್ಕೆ ನೇರ. ದತ್ತಾಂಶ ಚಿತ್ರಗಳ ಬಗ್ಗೆ ಬರೆಯುವ ಸ್ಟೀಫನ್ ಫ್ಯೂ 2008ರಲ್ಲೇ ಎರಡು ಅಕ್ಷಗಳ ಚಾರ್ಟ್ ಎಂದಾದರೂ ಅತ್ಯುತ್ತಮ ದಾರಿಯಾದೀತೇ ಎಂದು ಪ್ರಶ್ನಿಸಿ ಲೇಖನ ಬರೆದಿದ್ದರು. ಅವರಷ್ಟು ಕಟ್ಟುನಿಟ್ಟು ನನಗಿಲ್ಲ. ವರಮಾನ ಬೆಳೆಯುವಾಗ ಮಾರ್ಜಿನ್ ಸುಮಾರಾಗಿ ಎಲ್ಲಿತ್ತು ಎಂದಷ್ಟೇ ಹೇಳಬೇಕಾದರೆ ಒಂದೇ ಚಾರ್ಟ್ ಧಾರಾಳ ಸಾಕು.

ದೊಡ್ಡ ಕಂಪನಿಗೆ ಬಾರದ, ಸಣ್ಣ ಅಂಗಡಿಗೆ ತಪ್ಪದೆ ಬರುವ ತೊಂದರೆ ಒಂದಿದೆ. ಅದು ನಷ್ಟದ ತಿಂಗಳು. ಒಂದು ಬಟ್ಟೆ ಅಂಗಡಿಯ ತಿಂಗಳ ಮಾರಾಟ ಹೆಚ್ಚೆಂದರೆ 6 ಲಕ್ಷ, ಮಾರ್ಜಿನ್ ಶೇ 25ರ ಆಸುಪಾಸು, ಆಷಾಢದ ತಿಂಗಳಲ್ಲಿ ಮಾತ್ರ ಮಾರ್ಜಿನ್ ಸೊನ್ನೆಗಿಂತ 8 ಅಂಶ ಕೆಳಗೆ ಎಂದಿಟ್ಟುಕೊಳ್ಳಿ. ಎಕ್ಸೆಲ್ ಬಲಗಡೆಯ ಅಳತೆಯನ್ನು -10%ಗೆ ಇಳಿಸುತ್ತದೆ, ಎಡಗಡೆಯದನ್ನು ಸೊನ್ನೆಯಲ್ಲೇ ಬಿಡುತ್ತದೆ. ಎರಡು ಸೊನ್ನೆಗಳು ಎರಡು ಎತ್ತರದಲ್ಲಿ! ನಷ್ಟದ ಬಿಂದು ಕಂಬದ ಬುಡದಲ್ಲೇ ಎಲ್ಲೋ ಕೂತಿರುತ್ತದೆ, ಅದು ನಷ್ಟ ಎಂದು ಯಾರಿಗೂ ಹೊಳೆಯುವುದಿಲ್ಲ.

ಎರಡೂ ಸೊನ್ನೆಗಳನ್ನು ಒಂದೇ ಮಟ್ಟಕ್ಕೆ ತರಬೇಕಾದರೆ ಕೆಳಗಿನ ಭಾಗಕ್ಕೂ ಮೇಲಿನ ಭಾಗಕ್ಕೂ ಇರುವ ಅನುಪಾತ ಎರಡು ಅಕ್ಷಗಳಲ್ಲೂ ಒಂದೇ ಇರಬೇಕು. ಬಲಗಡೆ -0.1ರಿಂದ 0.3, ಮೆಟ್ಟಿಲು 0.1. ಎಡಗಡೆ -200000ದಿಂದ 600000, ಮೆಟ್ಟಿಲು 200000. ಎರಡರಲ್ಲೂ ಒಂದಕ್ಕೆ ಮೂರು. ಮಾರಾಟ ಋಣವಾಗುವುದು ಸಾಧ್ಯವಿಲ್ಲದ ಮಾತು, ಆದ್ದರಿಂದ ಎಡಗಡೆ ಕಾಣುವ ಆ -200000 ಅನ್ನು ಅಡಗಿಸಲು Format Code ಜಾಗದಲ್ಲಿ ಹೀಗೆ ಬರೆಯಿರಿ:

```
#,##0;;0
```

ತಿಂಗಳ ಹೆಸರುಗಳು ಆಗ ಸೊನ್ನೆಯ ಗೆರೆಯ ಹತ್ತಿರ, ಚಾರ್ಟಿನೊಳಗೇ ತೂಗಾಡುತ್ತಿರುತ್ತವೆ. ಅಡ್ಡ ಅಕ್ಷದ Format Axis ಫಲಕದಲ್ಲಿ Labels ತೆರೆದು Label Position ಅನ್ನು Low ಮಾಡಿದರೆ ತಳಕ್ಕೆ ಇಳಿಯುತ್ತವೆ. ಈಗ ಆಷಾಢದ ಬಿಂದು ಸೊನ್ನೆಯ ಗೆರೆಯ ಕೆಳಗೆ ಒಂಟಿಯಾಗಿ ನಿಂತು ತನ್ನ ಕಥೆ ತಾನೇ ಹೇಳುತ್ತದೆ.

ಹೀಗೆ ಕೈಯಾರೆ ಹಾಕಿದ ಮಿತಿಗಳು ಹಾಕಿದಲ್ಲೇ ಇರುತ್ತವೆ. ಫಲಕದಲ್ಲಿ ಅಂಕಿಯ ಪಕ್ಕ Auto ಇದ್ದ ಕಡೆ Reset ಎಂದು ಬದಲಾಗಿರುವುದೇ ಅದರ ಗುರುತು. ದೀಪಾವಳಿಯ ತಿಂಗಳಲ್ಲಿ ಮಾರಾಟ 7 ಲಕ್ಷಕ್ಕೆ ಹೋದರೂ ಕಂಬ 6 ಲಕ್ಷದ ಅಂಚಿನಲ್ಲೇ ತುಂಡಾಗಿ ನಿಲ್ಲುತ್ತದೆ, ಎಕ್ಸೆಲ್ ಯಾವ ಎಚ್ಚರಿಕೆಯನ್ನೂ ಕೊಡುವುದಿಲ್ಲ. ಹೊಸ ತಿಂಗಳ ಅಂಕಿ ಸೇರಿಸಿದಾಗ ಚಾರ್ಟಿನ ನೆತ್ತಿಗೆ ತಾಗಿದ ಕಂಬವೋ ಬಿಂದುವೋ ಕಂಡರೆ, ಆ ಅಕ್ಷದ ಮಿತಿಯನ್ನು ಅದೇ ಒಂದಕ್ಕೆ ಮೂರರ ಅನುಪಾತದಲ್ಲಿ ಹಿಗ್ಗಿಸಬೇಕು: ಎಡಗಡೆ -300000ದಿಂದ 900000, ಮೆಟ್ಟಿಲು 300000. ಬಲಗಡೆಯದು ಇದ್ದ ಹಾಗೇ ಇರಲಿ.